ಎರಡು ಬಿಲ್, ಒಂದೇ ಮೊತ್ತ

ಶಿರಸಿಯ ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮ ಗಿರಾಕಿಗಳು ಜಾಸ್ತಿ ಗುಜರಾತಿನವರು. ಮಾಲು ಲಾರಿಯಲ್ಲಿ ಹೋಗುತ್ತದೆ, ಬಾಕಿ ಕೇಳುವುದೆಲ್ಲ ಮೇಲ್‌ನಲ್ಲಿ.

ಒಬ್ಬ ಗಿರಾಕಿಗೆ ಜೂನ್ 3ಕ್ಕೆ ಒಂದು ಟನ್ ರಾಶಿ ಅಡಿಕೆ ಹೋಯಿತು, ಬಿಲ್ ನಂಬರ್ 214. ಜೂನ್ 18ಕ್ಕೆ ಅಷ್ಟೇ ಮಾಲು, ಅದೇ ದರ, ಬಿಲ್ 219. ಕಿಲೋಗೆ 480ರಂತೆ 4,80,000, ಅದರ ಮೇಲೆ ಶೇ. 5 ಜಿಎಸ್‌ಟಿ, ಒಟ್ಟು 5,04,000. ಎರಡೂ ಬಿಲ್ ಒಂದೇ ಮೊತ್ತ. ಜುಲೈ ಮೊದಲ ವಾರ ಆರ್‌ಟಿಜಿಎಸ್‌ನಲ್ಲಿ 5,03,520 ಬಂತು. ಯಾವ ಬಿಲ್ಲಿನದು ಅಂತ ಎಲ್ಲೂ ಇರಲಿಲ್ಲ. 480 ಕಮ್ಮಿ ಯಾಕೆ ಅನ್ನುವುದು ಗೊತ್ತಿತ್ತು: ಅವರು ದೊಡ್ಡ ಖರೀದಿದಾರರು, ಜಿಎಸ್‌ಟಿ ಬಿಟ್ಟ ಮೊತ್ತಕ್ಕೆ ಶೇ. 0.1 ಟಿಡಿಎಸ್ ಹಿಡಿಯುತ್ತಾರೆ.

ನಮ್ಮಲ್ಲಿ ಹಳೇ ಬಿಲ್ಲಿಗೆ ಜಮಾ ಮಾಡಿದೆವು. ಅವರಲ್ಲಿ 214ಕ್ಕೆ ತೂಕ ಕಮ್ಮಿ ಅಂತ ತಡೆ ಬಿದ್ದಿತ್ತು, ಕೊಟ್ಟಿದ್ದು 219ರ ದುಡ್ಡು. ಆಮೇಲೆ 219ರ ವಾಯಿದೆ ಮುಗಿದಾಗ ಹೋದ ಮೇಲ್‌ನಲ್ಲಿ ಇದ್ದಿದ್ದು "ಬಾಕಿ ಬೇಗ ಕಳಿಸಿ" ಅಂತ ಮಾತ್ರ. ಉತ್ತರ ಬಂತು: "ಕೊಟ್ಟಾಗಿದೆ." ಇಬ್ಬರೂ ಹೇಳಿದ್ದು ನಿಜವೇ! ಎರಡೂ ಕಡೆ ಲೆಡ್ಜರ್ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ತೂಕದ ತಕರಾರು ಹೊರಗೆ ಬಂದಿದ್ದು. ಮೇಲ್‌ನಲ್ಲಿ 219 ಅಂತ ಇದ್ದಿದ್ದರೆ ಅದು ಅವತ್ತೇ ಗೊತ್ತಾಗುತ್ತಿತ್ತು.

ಬಿಲ್ ಮೊದಲೇ ಕಳಿಸಿರುತ್ತೇವಲ್ಲ, ಮತ್ತೆ ಯಾಕೆ ಬರೆಯಬೇಕು ಅಂತ ಕೇಳುವವರಿದ್ದಾರೆ. ಆದರೆ ಬಿಲ್ ನೋಡಿದವರು ಖರೀದಿಯವರು. ದುಡ್ಡು ಹಾಕುವವರು ಬೇರೆ. ಅವರ ಕೈಗೆ ಸಿಗುವುದು ಯಾರೋ ಫಾರ್ವರ್ಡ್ ಮಾಡಿದ ಕೊನೆಯ ಮೇಲ್ ಒಂದೇ, ಅದೂ ಮೊಬೈಲಿನಲ್ಲಿ. ಕೆಳಗಿನ ಹಳೇ ಮಾತುಕತೆ ಯಾರು ಓದುತ್ತಾರೆ?

ಈಗ ಪ್ರತಿ ಮೇಲ್‌ನ ಮೊದಲ ಸಾಲುಗಳು ಹೀಗಿರುತ್ತವೆ:

"ಬಿಲ್ ನಂ. 219, ತಾ. ಜೂನ್ 18. ಬಿಲ್ ಮೊತ್ತ 5,04,000, ಟಿಡಿಎಸ್ 480 ಕಳೆದು ಬರಬೇಕಾದ್ದು 5,03,520. ಕೊನೆಯ ದಿನ ಜುಲೈ 18. ಆರ್‌ಟಿಜಿಎಸ್ ಮೂಲಕ, ಬಿಲ್ಲಿನಲ್ಲಿರುವ ಖಾತೆಗೇ. ಖಾತೆ ಬದಲಾಗಿಲ್ಲ."

"30 ದಿನ" ಅಂತ ಬರೆಯುವುದಿಲ್ಲ, ತಾರೀಖನ್ನೇ ಹಾಕುತ್ತೇವೆ. ನಾವು ಬಿಲ್ ತಾರೀಖಿನಿಂದ ಎಣಿಸಿದರೆ ಅವರು ಲಾರಿ ಮುಟ್ಟಿದ ದಿನದಿಂದ ಎಣಿಸುತ್ತಾರೆ. ಖಾತೆಯ ಮಾತು ಸುಮ್ನೆ ಅಲ್ಲ. ನಮ್ಮ ಹೆಸರಿನಲ್ಲೇ "ಹೊಸ ಖಾತೆಗೆ ಹಾಕಿ" ಅಂತ ಕಳ್ಳ ಮೇಲ್ ಹೋದರೆ ಅವರಿಗೆ ಅನುಮಾನ ಬರಬೇಕು, ಫೋನ್ ಮಾಡಬೇಕು.

ಇಷ್ಟಾದರೂ ಕೆಲವರು ಯಾವ ಬಿಲ್ಲಿನದು ಅಂತ ಹೇಳದೆ ಹತ್ತು ಲಕ್ಷ ಒಟ್ಟಿಗೆ ಹಾಕುತ್ತಾರೆ. ಆಗ ಯಾವ ಬಿಲ್ಲಿಗೆ ಎಷ್ಟು ಜಮಾ ಮಾಡಿದ್ದೇವೆ ಅಂತ ಅದೇ ದಿನ ಬರೆದು ಕಳಿಸುತ್ತೇವೆ. ತಕರಾರಿದ್ದರೆ ಮರುದಿನವೇ ಫೋನ್ ಬರುತ್ತದೆ.