ಬೋರ್ಡಿನ ಫೋಟೋದಿಂದ ಶೀಟಿಗೆ

ಮೆಕ್ಕೆಜೋಳದ ಖರೀದಿಯ ಬಗ್ಗೆ ದಾವಣಗೆರೆಯಲ್ಲಿ ನಮ್ಮ ರೈತ ಉತ್ಪಾದಕರ ಸಂಸ್ಥೆಯ ಸಭೆ ಮುಗಿದಾಗ, ವೈಟ್‌ಬೋರ್ಡಿನ ಮೇಲಿದ್ದ ಕೋಷ್ಟಕವನ್ನು ಫೋಟೋ ತೆಗೆದುಕೊಂಡು ಎಲ್ಲರೂ ನೋಡುವ ಗೂಗಲ್ ಶೀಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಐದು ತಾಲ್ಲೂಕು, ಮೂರು ವಾರ, ಎಲ್ಲವೂ ಕ್ವಿಂಟಾಲ್ ಲೆಕ್ಕ. ಅಡಿಯಲ್ಲಿಯೂ ಬಲಗಡೆಯಲ್ಲಿಯೂ ಕಾರ್ಯದರ್ಶಿಗಳೇ ಕೂಡಿ ಬರೆದಿದ್ದ ಮೊತ್ತಗಳು. ಹತ್ತು ನಿಮಿಷದ ಕೆಲಸವೆಂದುಕೊಂಡೆ.

ಬೋರ್ಡಿನ ಮೊತ್ತಗಳನ್ನು ಸೂತ್ರದಿಂದ ಬರಿಸದೆ, ಅಲ್ಲಿದ್ದಂತೆಯೇ E ಕಾಲಂನಲ್ಲೂ 7ನೇ ಸಾಲಿನಲ್ಲೂ ಟೈಪ್ ಮಾಡಿ, ಪಕ್ಕದಲ್ಲಿಯೂ ಕೆಳಗೂ ವ್ಯತ್ಯಾಸ ತೋರಿಸುವ ಸೂತ್ರಗಳನ್ನು ಹಾಕಿದೆ.

```
=E2-SUM(B2:D2)
=B7-SUM(B2:B6)
```

ಎಲ್ಲ ಕಡೆಯೂ ಸೊನ್ನೆ ಬಂದರೆ ನಕಲು ಸರಿ ಎಂಬುದು ನನ್ನ ಎಣಿಕೆ.

ಹರಿಹರದ ಎರಡನೇ ವಾರದ ಅಂಕಿಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಫೋಟೋದಲ್ಲಿ ಅದು ಬೆಳ್ಳಗಾಗಿತ್ತು. ಸಾಲಿನ ಮೊತ್ತ 220, ಉಳಿದೆರಡು ವಾರ 85 ಮತ್ತು 64; ಹಾಗಾಗಿ 71 ಎಂದು ತುಂಬಿ, ಆ ಮನೆಗೆ ಹಳದಿ ಬಣ್ಣ ಹಚ್ಚಿದೆ. ಮೊತ್ತದಿಂದಲೇ ಹುಟ್ಟಿಸಿದ ಅಂಕಿಗೆ ಅದೇ ಮೊತ್ತ ಸಾಕ್ಷಿಯಾಗಲಾರದು. ಆ ಸಾಲಿನಲ್ಲಿ ಸೊನ್ನೆ ಬಂದೇ ಬರುತ್ತದೆ. ಅದನ್ನು ಪರೀಕ್ಷಿಸಬಲ್ಲದ್ದು ಎರಡನೇ ವಾರದ ಕಾಲಂ ಮಾತ್ರ, ಮತ್ತು ಆ ಕಾಲಂನ ಕೆಳಗೆ 47ರ ವ್ಯತ್ಯಾಸ ನಿಂತಿತ್ತು.

ಸಹಜವಾಗಿಯೇ ನಾನು 71ನ್ನು ಸಂಶಯಿಸಿದೆ. ಆದರೆ ಹೊನ್ನಾಳಿಯ ಸಾಲಿನಲ್ಲಿಯೂ ಅದೇ 47 ಕಡಿಮೆಯಾಗಿತ್ತು. ಸಾಲು ಮತ್ತು ಕಾಲಂ ಎರಡೂ ಒಂದೇ ಮೊತ್ತದಷ್ಟು ತಪ್ಪಿದರೆ ಅವು ಕೂಡುವ ಮನೆಯಲ್ಲಿ ತಪ್ಪಿರುವುದು ಸಂಭವ. ಅಲ್ಲಿ ಬೋರ್ಡಿನಲ್ಲಿ ಮೇಲಿನ ಚನ್ನಗಿರಿಯ 47ಕ್ಕೆ ‘ಅದೇ’ ಎಂಬರ್ಥದ ಎರಡು ಗೀಟುಗಳಿದ್ದವು; ನಾನೂ ಕಣ್ಣುಮುಚ್ಚಿ ಆ ಗೀಟುಗಳನ್ನೇ ಟೈಪ್ ಮಾಡಿದ್ದೆ. ಶೀಟಿಗೆ ಅದು ಅಕ್ಷರ, `SUM` ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. 47 ಬರೆದೊಡನೆ ಎರಡೂ ಕಡೆ ಸೊನ್ನೆಯಾಯಿತು, ಹರಿಹರದ 71ಕ್ಕೂ ಸಾಕ್ಷಿ ಸಿಕ್ಕಿತು.

ಇನ್ನೊಂದು ಜೋಡಿ ಉಳಿದಿತ್ತು: ಜಗಳೂರಿನ ಸಾಲಿನಲ್ಲಿ 6, ಮೂರನೇ ವಾರದ ಕಾಲಂನಲ್ಲಿ 6. ಹಿಗ್ಗಿಸಿ ನೋಡಿದರೆ, ಮಾರ್ಕರ್ ಒಣಗುತ್ತ ಬಂದಿದ್ದರಿಂದ 7ರ ಮೇಲ್ಗೆರೆ ಮಾಸಿ, 127 ನನಗೆ 121 ಆಗಿ ಕಂಡಿತ್ತು.

ಈ ಸೊನ್ನೆಗಳು ಹಿಡಿಯದ ತಪ್ಪೂ ಒಂದಿದೆ. ಎರಡು ತಾಲ್ಲೂಕುಗಳ ಹೆಸರುಗಳು ಮಾತ್ರ ಅದಲುಬದಲಾದರೆ ಲೆಕ್ಕವೆಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಹೆಸರುಗಳನ್ನು ಗೆಳೆಯರೊಬ್ಬರು ಫೋಟೋ ನೋಡಿ ಓದುತ್ತ ಹೋದರು, ನಾನು ಶೀಟಿನಲ್ಲಿ ಬೆರಳಿಟ್ಟು ನೋಡಿದೆ. ಸಂಜೆ ಹರಿಹರದವರ ರಸೀದಿ ಪುಸ್ತಕದಲ್ಲಿಯೂ 71 ಎಂದೇ ಇದ್ದದ್ದು ತಿಳಿದ ಮೇಲೆ ಹಳದಿ ಬಣ್ಣ ತೆಗೆದೆ.