ಲಾಸ್ ಇಳಿಯಿತು, ಎಡಕ್ಕೆ ತಿರುಗಿದ ಮುಖ ಮಾತ್ರ ಸರಿಯಾಗಲಿಲ್ಲ

14 ಜುಲೈ 2024, ಭಾನುವಾರ, ಶಿರಸಿ

ಬೆಳಗಿಂದ ಮಳೆ ಬಿಟ್ಟೇ ಇಲ್ಲ. ಹನ್ನೊಂದೂವರೆಗೆ ಮುಖ ಬದಲಿಸುವ ಮಾಡೆಲ್‌ನ ಟ್ರೇನಿಂಗ್ ನಿಲ್ಲಿಸಿದೆ. ಕರೆಂಟು ಹೋಗಿ ನಿಂತದ್ದಲ್ಲ, ನಾನೇ ನೋಡಿ ನಿಲ್ಲಿಸಿದ್ದು. ಯಾಕೆ ಅಂತ ಮರೆಯುವ ಮೊದಲು ಬರೆದಿಡುತ್ತೇನೆ.

ನಮ್ಮ ಕಿರುಚಿತ್ರದಲ್ಲಿ ಅವಳಿ ಅಣ್ಣತಮ್ಮಂದಿರು ಎದುರುಬದುರು ಕೂತು ಮಾತಾಡುವ ದೃಶ್ಯವಿದೆ. ಎರಡೂ ಪಾತ್ರ ಭಾವನದೇ. ಒಂದು ಕಡೆ ಅವನು, ಇನ್ನೊಂದು ಕಡೆ ಅವನದೇ ಮೈಕಟ್ಟಿನ ಗೆಳೆಯ. ಗೆಳೆಯನ ಮುಖದ ಮೇಲೆ ಭಾವನ ಮುಖ ಕೂರಿಸಬೇಕು. ಇಬ್ಬರೂ ಒಪ್ಪಿಯೇ ಮಾಡುತ್ತಿರುವುದು. ಮುಖ ಬದಲಿಸುವ ತಂತ್ರಾಂಶ ಡೀಪ್‌ಫೇಸ್‌ಲ್ಯಾಬ್‌ನಲ್ಲಿ ಮುಖ ಕೊಡುವ ಭಾವ ಸೋರ್ಸ್, ಅದನ್ನು ಹೊರುವ ಗೆಳೆಯ ಡೆಸ್ಟಿನೇಶನ್.

ನಿನ್ನೆ ರಾತ್ರಿ ಹನ್ನೊಂದಕ್ಕೆ ಅದರ ಕಪ್ಪು ಕಿಟಕಿಯಲ್ಲಿ ಹೀಗಿತ್ತು:

```
[23:02:41][#318000][0512ms][0.4127][0.3785]
```

# ಇರುವುದು ಇಟರೇಶನ್, ಅಂದರೆ ಕಲಿಕೆಯ ಎಷ್ಟನೆಯ ಸುತ್ತು ಅನ್ನುವುದು. ಕೊನೆಯ ಎರಡು ಅಂಕಿ ಸೋರ್ಸ್ ಮತ್ತು ಡೆಸ್ಟಿನೇಶನ್‌ನ ಲಾಸ್. ಎರಡು ದಿನದಿಂದ ಲಾಸ್‌ನ ಗೆರೆ ಗದ್ದೆಯ ಹಾಗೆ ಸಪಾಟು. ಇನ್ನೇನು ಮುಗಿಯಿತು ಅನ್ನಿಸಿತ್ತು. ಆದರೆ ಪ್ರಿವ್ಯೂ ನೋಡಿದರೆ ಭಾವನ ಬಾಯಲ್ಲಿ ಹಲ್ಲಿನ ಬದಲು ಒಂದು ಬಿಳಿ ಪಟ್ಟಿ!

ಈ ಲಾಸ್ ಏನನ್ನು ಅಳೆಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಮುಖವನ್ನು ಅಂಕಿಗಳಾಗಿ ಹಿಂಡುವ ಎನ್‌ಕೋಡರ್ ಇಬ್ಬರಿಗೂ ಒಂದೇ, ಅವುಗಳಿಂದ ಮುಖ ಬಿಡಿಸುವ ಡಿಕೋಡರ್ ಬೇರೆ ಬೇರೆ. ಭಾವನ ಫೋಟೊ ಕೊಟ್ಟರೆ ಭಾವನನ್ನೇ ತಿರುಗಿ ಬಿಡಿಸಬೇಕು, ಗೆಳೆಯನದು ಕೊಟ್ಟರೆ ಗೆಳೆಯನನ್ನು. ಎಷ್ಟು ತಪ್ಪಿತು ಅನ್ನುವುದೇ ಲಾಸ್. ನಮಗೆ ಬೇಕಾದದ್ದು ಮೂರನೆಯದು, ಗೆಳೆಯನ ಮುಖಭಾವದಲ್ಲಿ ಭಾವನ ಮುಖ. ಅದಕ್ಕೆ ಹೋಲಿಸಿ ನೋಡಲು ನಿಜವಾದ ಫೋಟೊ ಎಲ್ಲಿಯೂ ಇಲ್ಲ. ಹಾಗಾಗಿ ಅದಕ್ಕೆ ಲಾಸ್ ಕೂಡ ಇಲ್ಲ. ಪ್ರಿವ್ಯೂನ ಕೊನೆಯ ಕಾಲಂ ಅನ್ನು ಕಣ್ಣಿಟ್ಟು ನೋಡುವುದೊಂದೇ ದಾರಿ.

ರಾತ್ರಿ ರ‍್ಯಾಂಡಮ್ ವಾರ್ಪ್ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೇ ಲಾಸ್ ಧಡ್ ಅಂತ 0.29ಕ್ಕೆ ಇಳಿಯಿತು. ಖುಷಿಪಡುವಂಥದ್ದಲ್ಲ. ಅಲ್ಲಿಯವರೆಗೆ ಸೊಟ್ಟ ಮಾಡಿದ ಮುಖ ಕೊಟ್ಟು ನೆಟ್ಟಗಿನದನ್ನು ಕೇಳುತ್ತಿದ್ದೆ. ಈಗ ನೆಟ್ಟಗಿನದನ್ನೇ ಕೊಡುತ್ತಿದ್ದೇನೆ. ಪ್ರಶ್ನೆಪತ್ರಿಕೆ ಸುಲಭವಾಯಿತು, ಅಷ್ಟೇ. ಸೆಟ್ಟಿಂಗ್ ಬದಲಾದ ಮೇಲೆ ಹಳೆಯ ಅಂಕಿಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಪ್ರಿವ್ಯೂ ಕೂಡ ಮೋಸ ಮಾಡುತ್ತದೆ. ಪ್ರತಿ ಸಲ ಬೇರೆ ಮುಖ ಬಂದರೆ, ಚಂದದ್ದು ಬಂದಾಗ ಸುಧಾರಿಸಿತು ಅನ್ನಿಸುತ್ತದೆ. ಅದಕ್ಕೆ ಗೆಳೆಯನ ಮೂರು ಕಷ್ಟದ ಫ್ರೇಮ್ ಆರಿಸಿಕೊಂಡಿದ್ದೆ: ಹಲ್ಲು ಬಿಟ್ಟು ನಗುವುದು, ಓರೆಗಣ್ಣಲ್ಲಿ ನೋಡುವುದು, ಪೂರ್ತಿ ಎಡಕ್ಕೆ ತಿರುಗಿದ್ದು. ಇಪ್ಪತ್ತು ಸಾವಿರ ಇಟರೇಶನ್‌ಗೊಮ್ಮೆ, ಅಂದರೆ ನನ್ನ ಮಶಿನ್‌ನಲ್ಲಿ ಹತ್ತಿರ ಹತ್ತಿರ ಮೂರು ಗಂಟೆಗೊಮ್ಮೆ, ಇವೇ ಮೂರರ ಚಿತ್ರ ತೆಗೆದಿಟ್ಟೆ. ಅಲಾರಂ ಇಟ್ಟು ಏಳುತ್ತಿದ್ದೆ. ಆಯಿ ಒಮ್ಮೆ ಬಂದು, "ದೆವ್ವ ಹಿಡಿದಿದೆಯೇನೋ ನಿನಗೆ" ಅಂದು ಹೋದಳು.

3,60,000ರ ಹೊತ್ತಿಗೆ ಬಿಳಿ ಪಟ್ಟಿ ಒಡೆದು ಒಂದೊಂದೇ ಹಲ್ಲು ಕಂಡಿತು. ಕಣ್ಣಲ್ಲಿ ಬೆಳಕಿನ ಚುಕ್ಕೆ ಬಂತು. ಓರೆನೋಟವೂ ಗೆಳೆಯ ನೋಡಿದ ಕಡೆಗೇ ತಿರುಗಿತು. ಆಮೇಲೆ 3,80,000 ಮತ್ತು 4,00,000ರ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಪಟಪಟ ಬದಲಿಸಿ ನೋಡಿದೆ. ಯಾವುದು ಹೊಸದು ಅಂತ ನನಗೇ ಹೇಳಲಾಗಲಿಲ್ಲ. ಲಾಸ್ ಮಾತ್ರ 0.271ರಿಂದ 0.266ಕ್ಕೆ ತೆವಳಿತ್ತು. ಆ ಇಳಿತ ನನ್ನ ಕಣ್ಣಿಗೆ ಏನನ್ನೂ ಕೊಟ್ಟಿರಲಿಲ್ಲ.

ಮೂರನೆಯ ಫ್ರೇಮ್ ಮಾತ್ರ ಮೊದಲಿನಷ್ಟೇ ಕೆಟ್ಟದಾಗಿತ್ತು. ಎಡಕ್ಕೆ ತಿರುಗಿದಾಗ ಕೆನ್ನೆ ಕಲಸಿದ ಹಿಟ್ಟಿನ ಹಾಗೆ. ಇನ್ನೂ ಒಂದು ದಿನ ಓಡಿಸಿದರೆ? ಅನ್ನಿಸಿತು. ಆದರೆ ಪ್ರಿವ್ಯೂನ ಅದೇ ಸಾಲಿನಲ್ಲಿ ಗೆಳೆಯನಿಂದ ಗೆಳೆಯನನ್ನೇ ಬಿಡಿಸಿದ್ದು ಸ್ಪಷ್ಟವಾಗಿತ್ತು. ಅಂದರೆ ಎನ್‌ಕೋಡರ್‌ಗೆ ಆ ಕೋನ ಗೊತ್ತು. ಗೊತ್ತಿಲ್ಲದಿರುವುದು ಭಾವನ ಡಿಕೋಡರ್‌ಗೆ. ಸೋರ್ಸ್ ಮುಖಗಳನ್ನು ತಿರುಗಿದ ಕೋನದ ಪ್ರಕಾರ ಸಾಲಾಗಿ ಜೋಡಿಸಿದೆ. 2,600ರಲ್ಲಿ ಪೂರ್ತಿ ಎಡಕ್ಕೆ ತಿರುಗಿದವು ನಲವತ್ತೂ ಇರಲಿಲ್ಲ, ಅದರಲ್ಲೂ ಅರ್ಧ ಮಸುಕು. ಇಷ್ಟು ಕಡಿಮೆ ಮುಖಗಳ ತಪ್ಪು ಒಟ್ಟು ಲಾಸ್‌ನಲ್ಲಿ ಎಲ್ಲಿ ಕಾಣಬೇಕು? ಸರಾಸರಿಯಲ್ಲಿ ಮುಳುಗಿಹೋಗಿತ್ತು.

ಅಲ್ಲಿಗೆ ಎಂಟರ್ ಒತ್ತಿ ಸೇವ್ ಮಾಡಿ ನಿಲ್ಲಿಸಿದೆ. ಮಾಡೆಲ್ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದೆ. ಕೊನೆಯಲ್ಲಿ ಸೂಕ್ಷ್ಮ ವಿವರ ತುಂಬುವ ಗ್ಯಾನ್ ಅನ್ನುವ ಆಯ್ಕೆ ಆನ್ ಮಾಡುವ ಆಸೆ ಇತ್ತು, ಮಾಡಲಿಲ್ಲ. ಅದು ಚರ್ಮ ಚೂಪು ಮಾಡುತ್ತದೆ, ಜೊತೆಗೆ ಆ ಕಲಸಿದ ಕೆನ್ನೆಯನ್ನೂ ಚೂಪು ಮಾಡುತ್ತದೆ.

ಹತ್ತು ಸೆಕೆಂಡಿನ ತುಣುಕಿಗೆ ಭಾವನ ಮುಖ ಕೂರಿಸಿ, ಅಂದರೆ ಮರ್ಜ್ ಮಾಡಿಯೂ ನೋಡಿದೆ, ಯಾಕಂದ್ರೆ ನಿಂತ ಚಿತ್ರದಲ್ಲಿ ಮಿನುಗುವುದು ಗೊತ್ತಾಗುವುದಿಲ್ಲ. ಎದುರು ನೋಡುವಾಗ ಸರಿ ಇತ್ತು. ತಿರುಗುವಾಗ ದವಡೆ ನಡುಗುತ್ತಿತ್ತು.

ಭಾವನಿಗೆ ಫೋನ್ ಮಾಡಿದೆ.

"ಮತ್ತೆ ಏನು ತಗಾದೆ?"

"ನಾಳೆ ಬಾ ಭಾವ. ಜಗಲಿಯಲ್ಲಿ ಕೂತು ಮಾತಾಡ್ತಾ ನಿಧಾನಕ್ಕೆ ಎಡಕ್ಕೆ ತಿರುಗಬೇಕು, ಅಷ್ಟೇ. ಐದು ನಿಮಿಷ."

"ಗಡ್ಡ ತೆಗೆದುಬಿಟ್ಟೆನಲ್ಲೋ!"

ಈಗ ಒಂದು ವಾರ ಕಾಯಬೇಕು. ಗಡ್ಡ ಬಂದ ಮೇಲೆ ಹೊಸ ಮುಖ ಸೇರಿಸಿ, ವಾರ್ಪ್ ಮತ್ತೆ ಆನ್ ಮಾಡಿ, 4,00,000ದಿಂದಲೇ ಮುಂದುವರಿಸುತ್ತೇನೆ.