ಪೆಂಟಾ ಹಾಕಿಸಿದ ರಾತ್ರಿಯ ಜ್ವರ

ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಸೂಜಿ ತೆಗೆಯುವ ಮೊದಲು ಅಂಗನವಾಡಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಮಾತಾಡುತ್ತೇವೆ. ಈ ವಾರ ತಾಯಂದಿರಿಗಿಂತ ಅಜ್ಜಿಯರೇ ಹೆಚ್ಚಾಗಿ ಬಂದಿದ್ದರು. ಅದು ಒಳ್ಳೆಯದೇ ಆಯಿತು. ಎಷ್ಟೋ ಮನೆಗಳಲ್ಲಿ ಎರಡನೇ ಡೋಸ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.

ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಗುವಿಗೆ ನಾಲ್ಕೂವರೆ ತಿಂಗಳು. ತಾಯಿ ಕಾರ್ಡಿನಲ್ಲಿ ಒಂದೂವರೆ ತಿಂಗಳಿನ ಲಸಿಕೆಗಳ ನಂತರದ ಸಾಲುಗಳೆಲ್ಲ ಖಾಲಿ. "ಆವತ್ತು ಸೂಜಿ ಹಾಕ್ಸಿ ರಾತ್ರಿಯೆಲ್ಲ ಮೈ ಕೆಂಡ ಆಗಿತ್ತು ಸಿಸ್ಟರಮ್ಮ. ಚೆನ್ನಾಗಿರೋ ಕೂಸಿಗೆ ನಾವೇ ಯಾಕೆ ಜ್ವರ ತರಿಸ್ಬೇಕು?" ಎಂದರು.

ನ್ಯಾಯವಾದ ಪ್ರಶ್ನೆ. "ಏನೂ ಆಗಲ್ಲ ಬನ್ನಿ" ಎಂದು ತೇಲಿಸಿಬಿಟ್ಟರೆ ಮುಂದಿನ ಸಲ ಅವರು ಬಾಗಿಲವರೆಗೂ ಬರುವುದಿಲ್ಲ. ಜ್ವರ ಬರಬಹುದು ಎಂದೇ ಹೇಳಬೇಕು, ಯಾಕೆ ಬರುತ್ತದೆ ಎಂಬುದನ್ನೂ ಹೇಳಬೇಕು. ಪೆಂಟಾ ಒಂದೇ ಸೂಜಿಯಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ರೋಗಾಣು ತರುವ ನ್ಯುಮೋನಿಯಾ, ಮಿದುಳುಜ್ವರಗಳನ್ನು ತಡೆಯುತ್ತದೆ. ಸರ್ಕಾರಿ ಪೆಂಟಾದಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಸಾಯಿಸಿ ಇಡಿಯಾಗಿ ಹಾಕಿರುತ್ತಾರೆ. ಮಗುವಿನ ಮೈ ಅದನ್ನು ಹೊರಗಿನದು ಎಂದು ಗುರುತಿಸಿ ಎದುರು ನಿಲ್ಲುವಾಗ ಮೈ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಅದೇ ಸಂಜೆ ಬಂದು, ಒಂದೆರಡು ದಿನದಲ್ಲಿ ಇಳಿಯುತ್ತದೆ.

ನಾಯಿಕೆಮ್ಮು ದೊಡ್ಡ ಮಕ್ಕಳಲ್ಲಿ ಉದ್ದನೆಯ ಕೆಮ್ಮಾಗಿ ಕೇಳಿಸುತ್ತದೆ. ಕೈಗೂಸುಗಳಲ್ಲಿ ಎಷ್ಟೋ ಸಲ ಆ ಸದ್ದೇ ಇರುವುದಿಲ್ಲ. ಉಸಿರು ನಿಂತು ಮಗು ನೀಲಿಗಟ್ಟಿದಾಗಲೇ ಮನೆಯವರಿಗೆ ಗೊತ್ತಾಗುವುದು. ಅದಕ್ಕೇ ಮೂರು ಡೋಸ್‌ಗಳನ್ನು 6, 10 ಮತ್ತು 14ನೇ ವಾರಕ್ಕೆ ಇಟ್ಟಿರುವುದು. ಒಂದು ಡೋಸ್‌ನಿಂದ ಸಿಗುವುದು ಅರೆಬರೆ ರಕ್ಷಣೆ.

ಜ್ವರ ಬಂದರೆ ಏನು ಮಾಡಬೇಕು? ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಜ್ವರ ಬರುವ ಮೊದಲೇ ಬೇಡ. ಇಲ್ಲಿ ಒಂದು ತಪ್ಪು ಆಗುತ್ತದೆ, ಅದಕ್ಕೇ ನಾನು ಎರಡೂ ಬಾಟಲಿ ತೋರಿಸಿ ಹೇಳುತ್ತೇನೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 125, ಅಂದರೆ 1 ಎಂಎಲ್‌ಗೆ 25 ಮಾತ್ರ. ಈ ಮಗುವಿನ ತೂಕ 6 ಕೆ.ಜಿ.; ಒಂದು ಸಲಕ್ಕೆ 75 ಮಿಲಿಗ್ರಾಂ ಸಾಕು. ಸಿರಪ್ ಆದರೆ 3 ಎಂಎಲ್, ಡ್ರಾಪ್ಸ್ ಆದರೆ ಮುಕ್ಕಾಲು ಎಂಎಲ್. ಪಕ್ಕದ ಮನೆಯವರು "ಮೂರು ಎಂಎಲ್ ಹಾಕು" ಅಂದರೆಂದು ಡ್ರಾಪ್ಸ್ ಅಷ್ಟು ಕುಡಿಸಿದರೆ ನಾಲ್ಕು ಪಟ್ಟು ಹೆಚ್ಚಾಯಿತು, ಅದು ಯಕೃತ್ತಿಗೆ ಪೆಟ್ಟು. ಹಾಗಾಗಿ ಬಾಟಲಿ ತಂದು ತೋರಿಸಿ, ನಿಮ್ಮ ಮಗುವಿನ ತೂಕಕ್ಕೆ ಎಷ್ಟು ಎಂದು ಬರೆಸಿಕೊಂಡು ಹೋಗಿ. ಮತ್ತೆ ಕೊಡಬೇಕೆಂದರೆ ಆರು ಗಂಟೆ ಬಿಡಬೇಕು. ಎದೆಹಾಲು ನಿಲ್ಲಿಸಬೇಡಿ, ಕಂಬಳಿ ಸುತ್ತಬೇಡಿ.

ತೊಡೆಯಲ್ಲಿ ಆಗುವ ಗಂಟಿನ ಬಗ್ಗೆಯೂ ಭಯವಿದೆ. ಸಣ್ಣ ಗಟ್ಟಿ ಗಂಟು ಕೆಲವು ವಾರ ಉಳಿಯಬಹುದು, ತಾನಾಗಿ ಕರಗುತ್ತದೆ. ಅದನ್ನು ಉಜ್ಜುವುದು, ಸುಣ್ಣ ಹಚ್ಚುವುದು, ಬಿಸಿ ಶಾಖ ಕೊಡುವುದು ಬೇಡ. ನೋವಿದ್ದರೆ ತಣ್ಣೀರಿನ ಬಟ್ಟೆ ಇಟ್ಟರೆ ಸಾಕು. ಗಂಟು ದಿನೇದಿನೇ ದೊಡ್ಡದಾಗಿ ಕೆಂಪಾದರೆ, ಮಗು ಮೂರು ಗಂಟೆ ಬಿಡದೆ ಅತ್ತರೆ, ಹಾಲು ಬಿಟ್ಟು ಮಂಕಾದರೆ, ಫಿಟ್ಸ್ ಬಂದರೆ ಅಥವಾ ಜ್ವರ ಎರಡು ದಿನ ದಾಟಿದರೆ ಆಸ್ಪತ್ರೆಗೆ ಬರಲೇಬೇಕು. ಲಸಿಕೆಯಾದ ಮೇಲೆ ಅರ್ಧ ಗಂಟೆ ಕೂತಿರಿ ಎನ್ನುವುದಕ್ಕೂ ಕಾರಣವಿದೆ: ತೀವ್ರ ಅಲರ್ಜಿ ತೀರಾ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತದೆ. ಅದಕ್ಕೆ ಬೇಕಾದ ಅಡ್ರಿನಲಿನ್ ನಮ್ಮ ಕಿಟ್‌ನಲ್ಲಿ ಇರುತ್ತದೆ.

"ತಡ ಆಗೋಯ್ತಲ್ಲ, ಮತ್ತೆ ಮೊದಲಿಂದ ಹಾಕ್ಬೇಕಾ?" ಮಗುವಿನ ತಾಯಿ ಮೆಲ್ಲಗೆ ಕೇಳಿದಳು. ಬೇಡ. ಮೊದಲು ಹಾಕಿದ್ದು ವ್ಯರ್ಥವಾಗುವುದಿಲ್ಲ, ನಿಂತಲ್ಲಿಂದ ಮುಂದುವರಿಸಬೇಕು. ಮಗುವಿಗೆ ನೆಗಡಿ ಇತ್ತು. ನೆಗಡಿಗೆ, ಸಣ್ಣ ಭೇದಿಗೆ ಲಸಿಕೆ ಮುಂದೂಡುವುದಿಲ್ಲ. ಎಡತೊಡೆಗೆ ಪೆಂಟಾ ಎರಡನೆಯದು, ಬಾಯಿಗೆ ಪೋಲಿಯೊ ಹನಿ ಮತ್ತು ರೋಟಾವೈರಸ್ ಭೇದಿ ತಡೆಯುವ ರೋಟಾ. ಮೊದಲ ಡೋಸ್ ಆಗಿ ಎಂಟು ವಾರ ದಾಟಿದ್ದರಿಂದ ಬಲತೊಡೆಗೆ ನ್ಯುಮೋಕಾಕಸ್ ರೋಗಾಣುವಿನ ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿನ ಚರ್ಮದೊಳಗೆ ಪೋಲಿಯೊದ ಸೂಜಿ ಲಸಿಕೆಯಾದ ಐಪಿವಿ 0.1 ಎಂಎಲ್. ಒಂದೇ ದಿನ ಮೂರು ಸೂಜಿ ಎಂದರೆ ತಾಯಿಯ ಕರುಳು ಚುರ್ ಅನ್ನುತ್ತದೆ. ಆದರೆ ಒಂದೊಂದನ್ನೇ ಹಾಕುತ್ತಾ ಹೋದರೆ ಮಗು ಅಷ್ಟು ವಾರ ರಕ್ಷಣೆಯಿಲ್ಲದೆ ಉಳಿಯುತ್ತದೆ. ಒಟ್ಟಿಗೆ ಹಾಕಿದರೂ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ.

ಪೆಂಟಾ ಮೂರನೆಯದಕ್ಕೆ ನಾಲ್ಕು ವಾರದ ನಂತರದ ಗುರುವಾರವನ್ನು ಕಾರ್ಡಿನಲ್ಲಿ ಬರೆದುಕೊಟ್ಟೆ. ಆ ಹೊತ್ತಿಗೆ ತವರಿನಲ್ಲಿರುತ್ತೇನೆ ಎಂದಳು. ಕಾರ್ಡ್ ಜೊತೆಗಿದ್ದರೆ ಅಲ್ಲಿನ ಉಪಕೇಂದ್ರದಲ್ಲೇ ಹಾಕುತ್ತಾರೆ, ದುಡ್ಡು ಕೊಡಬೇಕಿಲ್ಲ.